ಸುಂಕ ಯಾರ ಬಲ?

ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಗೊಂಬೆ ಮಾಡುವ ಒಂದು ಸಣ್ಣ ಘಟಕವಿದೆ ಎಂದುಕೊಳ್ಳಿ. ಮಾಲೀಕ ಸ್ವಾಟ್ ಪಟ್ಟಿ ಬರೆಯಲು ಕೂರುತ್ತಾನೆ: ಬಲ, ದೌರ್ಬಲ್ಯ, ಅವಕಾಶ, ಅಪಾಯ, ಹೀಗೆ ನಾಲ್ಕು ಮನೆ. 2020ರಲ್ಲಿ ಕೇಂದ್ರ ಸರ್ಕಾರ ಆಮದು ಆಟಿಕೆಗಳ ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತ್ತಲ್ಲ, ಅದನ್ನು ಅವನು ಖುಷಿಯಿಂದ 'ಬಲ'ದ ಮನೆಗೆ ಹಾಕುತ್ತಾನೆ.

ಅಲ್ಲೇ ಎಡವಟ್ಟು.

ಘಟಕ ನಾಳೆಯೇ ಬಾಗಿಲು ಹಾಕಿದರೂ ಸುಂಕ ಇದ್ದೇ ಇರುತ್ತದೆ. ಹಾಗಾಗಿ ಅದು ಹೊರಗಿನದು, ಅವಕಾಶ. ಪಟ್ಟರಿಯ ಮುಂದೆ ಕೂತು ತಿರುಗುವ ಮರಕ್ಕೆ ಅರಗು ಹಿಡಿಯುವ ಕೆಲಸಗಾರನ ಕೈಚಳಕ ಮಾತ್ರ ಒಳಗಿನದು, ಬಲ.

ಜಿಐ ಟ್ಯಾಗ್ ಇನ್ನೂ ತೊಡಕಿನದು. ಅದು ಇಡೀ ಊರಿನ ಹೆಸರಿಗೆ ಸಿಕ್ಕಿದ್ದು. ಅಧಿಕೃತ ಬಳಕೆದಾರನಾಗಿ ನೋಂದಾಯಿಸಿಕೊಳ್ಳದ ಘಟಕಕ್ಕೆ ಅದು ಬರೀ ಅವಕಾಶ. ನೋಂದಣಿಯಾದ ಮೇಲೆ ಬಲ. ಆಗಲೂ ಪಕ್ಕದ ಬೀದಿಯವನಿಗೂ ನೋಂದಣಿಯಿದ್ದರೆ ಅವನೆದುರು ಮೇಲುಗೈ ಏನೂ ಇಲ್ಲ. ಪಟ್ಟಿ ಯಾರದು ಎಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಈ ಗೋಜಲು ಬಿಡಿಸಲಾಗದು.

'ಆನ್‌ಲೈನ್ ಅಂಗಡಿ ತೆರೆಯುವುದು' ಎಂದು ಅವಕಾಶದ ಮನೆಯಲ್ಲಿ ಬರೆಯುವವರೇ ಹೆಚ್ಚು. ಅದು ಮಾಡಬೇಕಾದ ಕೆಲಸ. ದೂರದ ಗಿರಾಕಿಗಳು ಮೊಬೈಲಿನಲ್ಲೇ ಆಟಿಕೆ ಕೊಳ್ಳುತ್ತಿರುವುದು ಅವಕಾಶ. ಅಂಗಡಿಗೆ ಈ ನಾಲ್ಕರಲ್ಲಿ ಯಾವ ಮನೆಯೂ ಇಲ್ಲ.