ಮಗ್ಗಿಗೆ ಕ್ರಮ ಬೇಡ, ಫಿಲ್ಟರಿಗೆ ಬೇಕು

ಎರಡ್ಮೂರ್ಲೆ ಆರು, ಮೂರೆರಡ್ಲೆಯೂ ಆರೇ. ಶಾಲೆಯಲ್ಲಿ ಕಲಿತ ಈ ನಂಬಿಕೆಯಿಂದಲೇ ಒಮ್ಮೆ ನಾನು ಎರಡು ದಿನ ಕಳೆದುಕೊಂಡೆ. ಮೇಜಿನ ಮೇಲೆ ಇದ್ದದ್ದು ಒಂದು ಲೋ-ಪಾಸ್ ಫಿಲ್ಟರ್. ಸಾವಿರ ಹರ್ಟ್ಸ್‌ವರೆಗಿನ ಸಂಕೇತವನ್ನು ಒಳಗೆ ಬಿಟ್ಟು, ಅದಕ್ಕೂ ಚುರುಕಾಗಿ ಏರಿಳಿಯುವುದನ್ನೆಲ್ಲ ತಡೆಯುವುದು ಅದರ ಕೆಲಸ. ನಾಲ್ಕನೇ ದರ್ಜೆಯದು, ಅಂದರೆ ಕಟ್‌ಆಫ್ ದಾಟಿದ ಮೇಲೆ ಆವರ್ತನ ಎರಡರಷ್ಟಾದಾಗಲೆಲ್ಲ ಸಂಕೇತ ಹದಿನಾರರಲ್ಲಿ ಒಂದು ಪಾಲಿಗೆ ಕುಗ್ಗುತ್ತಾ ಹೋಗುತ್ತದೆ.

ಇಂಥದ್ದನ್ನು ಒಂದೇ ಸರ್ಕ್ಯೂಟಿನಲ್ಲಿ ಕಟ್ಟಲು ಹೊರಟರೆ ಒಂದು ಬಿಡಿಭಾಗ ಚೂರು ಬದಲಾದರೂ ಎಲ್ಲವೂ ಕದಲುತ್ತದೆ. ಹಾಗಾಗಿ ಎರಡನೇ ದರ್ಜೆಯ ಎರಡು ಹಂತಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು ವಾಡಿಕೆ. ಒಂದರ ಭಾರ ಇನ್ನೊಂದರ ಮೇಲೆ ಬೀಳದಂತೆ ನಡುವೆ ಆಪ್-ಆ್ಯಂಪ್ ಇರುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಸ್ಟೀಫನ್ ಬಟರ್‌ವರ್ತ್ 1930ರಲ್ಲಿ ಈ ಬಗೆಯ ಫಿಲ್ಟರಿನ ಲೆಕ್ಕ ಬರೆದಾಗ ಆ ಜಾಗದಲ್ಲಿ ರೇಡಿಯೊ ವಾಲ್ವುಗಳಿದ್ದವು. ಉಪಾಯ ಮಾತ್ರ ಅದೇ.

ಎರಡೂ ಹಂತಗಳು ತದ್ರೂಪಿಗಳಲ್ಲ ಎಂಬುದೇ ಇಲ್ಲಿನ ಮೊದಲ ಗುಟ್ಟು. ಪ್ರತಿ ಹಂತಕ್ಕೂ ಕ್ವಾಲಿಟಿ ಫ್ಯಾಕ್ಟರ್, ಚಿಕ್ಕದಾಗಿ ‘ಕ್ಯೂ’, ಎಂಬ ಒಂದು ಅಳತೆ ಇದೆ. ಉಯ್ಯಾಲೆಯನ್ನು ನೆನೆಸಿಕೊಳ್ಳಿ. ಕೀಲಿಗೆ ಎಣ್ಣೆ ಬಿಟ್ಟ ಉಯ್ಯಾಲೆ, ಸರಿಯಾದ ಹೊತ್ತಿಗೆ ನೂಕುತ್ತಿದ್ದರೆ, ನಾವು ನೂಕಿದ್ದಕ್ಕಿಂತ ಹೆಚ್ಚೇ ಜೀಕುತ್ತದೆ. ಅದು ಹೆಚ್ಚು ಕ್ಯೂ. ಕೀಲು ಬಿಗಿದ ಉಯ್ಯಾಲೆ ಎಷ್ಟು ನೂಕಿದರೂ ಸೋಮಾರಿ. ಅದು ಕಡಿಮೆ ಕ್ಯೂ.

ನಾಲ್ಕನೇ ದರ್ಜೆಯ ಬಟರ್‌ವರ್ತ್ ಫಿಲ್ಟರಿಗೆ ಬೇಕಾಗುವುದು 0.541 ಮತ್ತು 1.307, ಇವೆರಡು ಕ್ಯೂಗಳು. ಕಟ್‌ಆಫ್ ಎರಡಕ್ಕೂ ಒಂದೇ, ಸಾವಿರ ಹರ್ಟ್ಸ್. ಮೊದಲನೆಯದು ಸೋಮಾರಿ, ಕಟ್‌ಆಫ್ ಇನ್ನೂ ದೂರವಿರುವಾಗಲೇ ತಲೆ ತಗ್ಗಿಸಲು ಶುರುಮಾಡುತ್ತದೆ. ಎರಡನೆಯದು ಅದೇ ಜಾಗದಲ್ಲಿ ತಲೆ ಎತ್ತುತ್ತದೆ. ಒಂದರ ತಗ್ಗನ್ನು ಇನ್ನೊಂದರ ದಿಬ್ಬ ತುಂಬಿದಾಗ ಸಿಗುವುದೇ ಬಟರ್‌ವರ್ತ್‌ನ ಹೆಸರುವಾಸಿ ಸಮತಟ್ಟು. ಕಟ್‌ಆಫ್ ಆವರ್ತನದಲ್ಲಿ ಪ್ರತಿ ಹಂತದ ಗೇನ್ ಅದರ ಕ್ಯೂ ಎಷ್ಟೋ ಅಷ್ಟೇ ಇರುತ್ತದೆ, 0.541 ಮತ್ತು 1.307 ಗುಣಿಸಿ ನೋಡಿ, 0.707 ಬರುತ್ತದೆ. ಕಟ್‌ಆಫ್‌ನಲ್ಲಿ ಇರಬೇಕಾದ್ದೂ ಅಷ್ಟೇ, ಮೂರು ಡೆಸಿಬೆಲ್ ಇಳಿತ. ಹೊಸಬರು ಬಹಳಷ್ಟು ಜನ 0.707 ಕ್ಯೂನ ಹಂತವನ್ನೇ ಎರಡು ಸಲ ಇಡುತ್ತಾರೆ. ಆಗ ಸಿಗುವುದು ಅರ್ಧ, ಆರು ಡೆಸಿಬೆಲ್ ಇಳಿತ. ಸ್ಪೀಕರುಗಳ ಕ್ರಾಸ್‌ಓವರಿನಲ್ಲಿ ಬೇಕೆಂದೇ ಹಾಗೆ ಮಾಡುವುದುಂಟು, ಅದಕ್ಕೆ ಲಿಂಕ್‌ವಿಟ್ಜ್-ರೈಲಿ ಎಂದು ಹೆಸರು. ಆದರೆ ಅದು ಬಟರ್‌ವರ್ತ್ ಅಲ್ಲ.

ಕಟ್ಟುವುದು ಕಷ್ಟವಲ್ಲ. 1955ರಲ್ಲಿ ಸ್ಯಾಲೆನ್ ಮತ್ತು ಕೀ ಪ್ರಕಟಿಸಿದ ಸರ್ಕ್ಯೂಟಿನಲ್ಲಿ ಗೇನ್ ಒಂದೇ ಇಟ್ಟು, ಎರಡೂ ರೆಸಿಸ್ಟರ್ 10 ಕಿಲೋಓಮ್ ಹಾಕಿದರೆ, ಎರಡು ಕೆಪ್ಯಾಸಿಟರುಗಳ ಅನುಪಾತವೇ ಕ್ಯೂ ನಿರ್ಧರಿಸುತ್ತದೆ. ಸೋಮಾರಿ ಹಂತಕ್ಕೆ 17.2 ಮತ್ತು 14.7 ನ್ಯಾನೋಫ್ಯಾರಡ್, ಹೆಚ್ಚು ಕ್ಯೂನ ಹಂತಕ್ಕೆ 41.6 ಮತ್ತು 6.1. ಪ್ರತಿ ಜೋಡಿಯಲ್ಲೂ ದೊಡ್ಡದು ಆಪ್-ಆ್ಯಂಪಿನ ಔಟ್‌ಪುಟ್ಟಿನಿಂದ ಹಿಂದಕ್ಕೆ ಬರುವ ದಾರಿಯಲ್ಲಿ, ಚಿಕ್ಕದು ಗ್ರೌಂಡಿಗೆ.

ಇಷ್ಟನ್ನೂ ನಾನು ಸರಿಯಾಗಿಯೇ ಮಾಡಿದ್ದೆ. ಹೆಚ್ಚು ಕ್ಯೂನ ಹಂತ ಮೊದಲು, ಸೋಮಾರಿ ಆಮೇಲೆ. ಗುಣಾಕಾರ ತಾನೇ, ಹಿಂದುಮುಂದಾದರೇನು? 12 ವೋಲ್ಟಿನ ಧನ-ಋಣ ಸಪ್ಲೈ ಕೊಟ್ಟು, 10 ವೋಲ್ಟ್ ಶಿಖರದ ಸೈನ್ ಅಲೆ ಬಿಟ್ಟು ಆವರ್ತನ ಏರಿಸುತ್ತಾ ಹೋದೆ. 840 ಹರ್ಟ್ಸ್ ಹತ್ತಿರ 8.9 ವೋಲ್ಟ್ ಬರಬೇಕಿತ್ತು, ಬಂದದ್ದು ಏಳೂವರೆ ಆಸುಪಾಸು. ಸ್ಕೋಪಿನಲ್ಲಿ ಅಲೆ ನುಣುಪಾಗಿಯೇ ಕಾಣುತ್ತಿತ್ತು. ಕೆಪ್ಯಾಸಿಟರುಗಳ ಮೇಲೆ ಅನುಮಾನ ಬಂತು. ಒಂದೊಂದನ್ನೇ ಬಿಚ್ಚಿ ಅಳೆದೆ, ಎಲ್ಲವೂ ನೆಟ್ಟಗಿದ್ದವು.

ಎರಡನೇ ದಿನ ಬೇಸತ್ತು ಇನ್‌ಪುಟ್ಟನ್ನು ಒಂದು ವೋಲ್ಟಿಗೆ ಇಳಿಸಿದೆ. ಅಳತೆ ಲೆಕ್ಕದಂತೆಯೇ ಬಂತು, 0.89. ಆಗ ಹೊಳೆಯಿತು: ಸಂಕೇತ ದೊಡ್ಡದಾದಾಗ ಮಾತ್ರ ತಪ್ಪುವ ಫಿಲ್ಟರಿನಲ್ಲಿ ದೋಷ ಬಿಡಿಭಾಗದ್ದಲ್ಲ, ಎಲ್ಲೋ ಜಾಗ ಸಾಲುತ್ತಿಲ್ಲ. ಇನ್‌ಪುಟ್ಟನ್ನು ಮತ್ತೆ ಹತ್ತಕ್ಕೆ ಏರಿಸಿ, ಪ್ರೋಬನ್ನು ಎರಡು ಹಂತಗಳ ನಡುವೆ ಇಟ್ಟೆ. ಅಲೆಯ ನೆತ್ತಿ ಕತ್ತರಿಯಲ್ಲಿ ಕತ್ತರಿಸಿದಷ್ಟು ಚಪ್ಪಟೆ.

ಲೆಕ್ಕ ಸರಳ. 1.307 ಕ್ಯೂನ ಹಂತದ ದಿಬ್ಬದ ತುದಿ ಇರುವುದು 841 ಹರ್ಟ್ಸ್‌ನಲ್ಲಿ, ಅಲ್ಲಿ ಅದರ ಗೇನ್ 1.414. ಹತ್ತು ವೋಲ್ಟ್ ಬಂದರೆ ಹದಿನಾಲ್ಕು ಹೊರಗೆ ಹೋಗಬೇಕು. ನನ್ನ ಆಪ್-ಆ್ಯಂಪ್ ಆ ಸಪ್ಲೈನಲ್ಲಿ ಕೊಡಬಲ್ಲದ್ದು ಹತ್ತೂವರೆ. ಉಳಿದದ್ದು ಅಲ್ಲೇ ಕತ್ತರಿಸಿಹೋಯಿತು. ಹಿಂದಿದ್ದ ಸೋಮಾರಿ ಹಂತ ಲೋ-ಪಾಸ್ ಅಲ್ಲವೇ, ಆ ಚೂಪು ಅಂಚುಗಳನ್ನು ಸವರಿ ನುಣುಪು ಮಾಡಿ ಹೊರಗೆ ಕಳಿಸುತ್ತಿತ್ತು. ಗಾಯದ ಮೇಲೆ ಪಟ್ಟಿ ಕಟ್ಟಿ ಏನೂ ಆಗಿಲ್ಲ ಎಂದಂತೆ.

ಹಂತಗಳನ್ನು ಅದಲುಬದಲು ಮಾಡಿದೆ. ಈಗ 841 ಹರ್ಟ್ಸ್‌ನಲ್ಲಿ ಸೋಮಾರಿ ಹಂತ ಹತ್ತು ವೋಲ್ಟನ್ನು 6.3ಕ್ಕೆ ಇಳಿಸುತ್ತದೆ, ಮುಂದಿನದು ಅದನ್ನು 8.9ಕ್ಕೆ ಎತ್ತುತ್ತದೆ. ಯಾವ ಆವರ್ತನದಲ್ಲೂ, ಯಾವ ಜಾಗದಲ್ಲೂ ಒಳಬಂದದ್ದಕ್ಕಿಂತ ದೊಡ್ಡ ವೋಲ್ಟೇಜ್ ಇಲ್ಲ. ಹಳೆಯ ಕ್ರಮದಲ್ಲಿ 7.4 ವೋಲ್ಟಿಗೇ ಮುಗಿಯುತ್ತಿದ್ದ ಮಿತಿ ಈಗ ಹತ್ತೂವರೆಗೆ ಏರಿತು. ಒಂದು ಪೈಸೆ ಖರ್ಚಿಲ್ಲದೆ ಮೂರು ಡೆಸಿಬೆಲ್. ಇದು ಬಟರ್‌ವರ್ತ್‌ನ ಸಾಧು ಸ್ವಭಾವದಿಂದ ಇಷ್ಟಕ್ಕೇ ನಿಂತಿತು. ಅರ್ಧ ಡೆಸಿಬೆಲ್ ಏರಿಳಿತದ ಚೆಬಿಶೆವ್ ಫಿಲ್ಟರಿನಲ್ಲಿ ದೊಡ್ಡ ಕ್ಯೂ 2.94. ಅದನ್ನು ಮುಂದಿಟ್ಟರೆ ದಿಬ್ಬ ಸುಮಾರು ಮೂರು ಪಟ್ಟು, ಮೂರೂವರೆ ವೋಲ್ಟಿಗೇ ನೆತ್ತಿ ಚಪ್ಪಟೆ.

ಹಾಗಾದರೆ ಯಾವಾಗಲೂ ಸೋಮಾರಿಯೇ ಮುಂದೆ ಇರಬೇಕೇ? ಡೈನಮಿಕ್ ರೇಂಜ್ ಎಂದರೆ ಕೆಡದೆ ದಾಟುವ ಅತಿ ದೊಡ್ಡ ಸಂಕೇತಕ್ಕೂ ತಳದ ನಾಯ್ಸ್‌ಗೂ ಇರುವ ಅಂತರ. ಇಷ್ಟೊತ್ತು ನೋಡಿದ್ದು ಮೇಲಿನ ಅಂಚನ್ನು ಮಾತ್ರ. ಹೆಚ್ಚು ಕ್ಯೂನ ಹಂತ ತನ್ನದೇ ಆಪ್-ಆ್ಯಂಪಿನ, ರೆಸಿಸ್ಟರುಗಳ ನಾಯ್ಸನ್ನೂ ದಿಬ್ಬದ ಬಳಿ ಉಬ್ಬಿಸುತ್ತದೆ. ಅದು ಕೊನೆಯಲ್ಲಿದ್ದರೆ ಆ ಉಬ್ಬು ನೇರವಾಗಿ ಔಟ್‌ಪುಟ್ಟಿಗೆ ಬರುತ್ತದೆ. ಮೊದಲೇ ಇದ್ದರೆ ಹಿಂದಿನ ಸೋಮಾರಿ ಹಂತ ಅದನ್ನು 0.63 ಪಾಲಿಗೆ ತಗ್ಗಿಸುತ್ತದೆ, ಕಟ್‌ಆಫ್‌ನಾಚೆ ಇನ್ನೂ ಹೆಚ್ಚು. ಹೀಗಾಗಿ ಸಂಕೇತ ಕೆಲವೇ ಮಿಲಿವೋಲ್ಟಿನದಾಗಿ, ಕತ್ತರಿಸುವ ಭಯವೇ ಇಲ್ಲದಿದ್ದರೆ, ಹೆಚ್ಚು ಕ್ಯೂ ಮುಂದಿಡುವುದರಲ್ಲಿ ಅರ್ಥವಿದೆ. ನನ್ನ ಮಟ್ಟಿಗೆ ಅಂಥ ಕಡೆಯೂ ಸೋಮಾರಿಯನ್ನೇ ಮುಂದಿಟ್ಟು, ಬೇಕಾದ ಗೇನನ್ನು ಅದರಲ್ಲೇ ಕೊಡುವುದು ಲೇಸು. ಸಂಕೇತ ಆರಂಭದಲ್ಲೇ ದೊಡ್ಡದಾದರೆ ಮುಂದಿನ ಹಂತದ ನಾಯ್ಸ್ ಅದರ ಮುಂದೆ ಸಣ್ಣದಾಗುತ್ತದೆ. ಎಷ್ಟು ಗೇನ್ ಕೊಡಬಹುದು ಎಂಬುದನ್ನು ಮಾತ್ರ ಹತ್ತೂವರೆ ವೋಲ್ಟಿನ ಆ ಗೋಡೆಯೇ ಹೇಳಬೇಕು.

ಕಂಪ್ಯೂಟರಿನೊಳಗಿನ ಫಿಲ್ಟರುಗಳಲ್ಲೂ ಇದೇ ಪ್ರಶ್ನೆ ಇದೆ. ಅಲ್ಲಿ ಗೋಡೆ ಸಪ್ಲೈ ಅಲ್ಲ, ಸಂಖ್ಯೆಗೆ ಮೀಸಲಿಟ್ಟ ಬಿಟ್‌ಗಳು. ಪೈಥಾನ್‌ನಲ್ಲಿ ಹೀಗೆ ಬರೆದರೆ

```
sos = scipy.signal.butter(4, 1000, fs=48000, output='sos')
```

ಬರುವ ಎರಡು ಸಾಲುಗಳಲ್ಲಿ ಹೆಚ್ಚು ಕ್ಯೂನದು ಎರಡನೆಯದು.