ಚೀಟಿ ಬರೆದವರು ಯಾರು, ಪ್ರಕಾಶ್?

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲು ಹಾದಿಯಲ್ಲಿ, ಸುರಂಗಗಳ ನಡುವೆ, ದಟ್ಟ ಕಾಡಿನಲ್ಲಿ ಇರುವ ಪುಟ್ಟ ನಿಲ್ದಾಣ ಎಡಕುಮೇರಿ. ರೈಲು ಬಿಡುವ ಅಧಿಕೃತ ಸಂದೇಶಗಳಿಗೆ ಇಂಥ ನಿಲ್ದಾಣಗಳಲ್ಲಿ ಗೊತ್ತಾದ ನಮೂನೆಗಳಿವೆ. ಸಹೋದ್ಯೋಗಿಗಳು ತಮ್ಮ ತಮ್ಮಲ್ಲಿ ಬರೆದುಕೊಳ್ಳುವ ಚೀಟಿಗೆ ಮಾತ್ರ ಯಾವ ನಮೂನೆಯೂ ಇಲ್ಲ. ಘಟ್ಟದ ಮೇಲಿನ ದೋಣಿಗಲ್‌ನಿಂದ ಎಡಕುಮೇರಿಗೆ ಒಂದು ಚೀಟಿ ಬಂತು ಎಂದಿಟ್ಟುಕೊಳ್ಳೋಣ. ಅಲ್ಲಿ ಮೋಹನ್, ಪ್ರಕಾಶ್ ಎಂಬಿಬ್ಬರು ಕೆಲಸದಲ್ಲಿದ್ದಾರೆ ಎನ್ನಿ. ದೋಣಿಗಲ್‌ನಲ್ಲೂ ಒಬ್ಬ ಪ್ರಕಾಶ್ ಇದ್ದಾರೆ. ಚೀಟಿಯಲ್ಲಿರುವುದು ಇಷ್ಟು:

“ನಮಸ್ಕಾರ ಮೋಹನ್ ರಾಜು ನಾಳೆ ಬರುತ್ತಾನೆ. ಅವನಿಗೆ ಬೀಗದ ಕೈ ಕೊಡಿ. ಧನ್ಯವಾದ ಪ್ರಕಾಶ್”

ನಾಳೆ ಬರುವವನು ಯಾರು? ಚೀಟಿ ಯಾರಿಗೆ? ಎರಡು ಬಗೆಯಲ್ಲಿ ಓದಬಹುದು, ಎರಡೂ ಸರಿಯಾಗಿಯೇ ಕೂಡಿಬರುತ್ತವೆ. ಮೊದಲನೆಯದು ಹೀಗೆ: “ನಮಸ್ಕಾರ, ಮೋಹನ್. ರಾಜು ನಾಳೆ ಬರುತ್ತಾನೆ.” ಬರುವವನು ರಾಜು, ಚೀಟಿ ಮೋಹನ್‌ಗೆ, ಬರೆದವರು ದೋಣಿಗಲ್‌ನ ಪ್ರಕಾಶ್. ಎರಡನೆಯದು: “ನಮಸ್ಕಾರ. ಮೋಹನ್ ರಾಜು ನಾಳೆ ಬರುತ್ತಾನೆ. ಅವನಿಗೆ ಬೀಗದ ಕೈ ಕೊಡಿ. ಧನ್ಯವಾದ, ಪ್ರಕಾಶ್.” ಈಗ ಬರುವವನು ಮೋಹನ್ ರಾಜು ಎಂಬ ಒಬ್ಬನೇ ಆಸಾಮಿ, ಚೀಟಿ ಎಡಕುಮೇರಿಯ ಪ್ರಕಾಶ್‌ಗೆ, ಬರೆದವರು ಸಹಿ ಹಾಕುವುದನ್ನೇ ಮರೆತಿದ್ದಾರೆ. ಬೀಗದ ಕೈ ಯಾರು ಕೊಡಬೇಕು, ಯಾರ ಕೈಗೆ ಕೊಡಬೇಕು ಎಂಬುದು ಒಂದೆರಡು ಚಿಹ್ನೆಗಳ ಮೇಲೆ ನಿಂತಿದೆ.

ಇದೇ ಮಾತನ್ನು ಬಾಯಲ್ಲಿ ಹೇಳಿದ್ದರೆ ಈ ಗೊಂದಲವಿಲ್ಲ. ಕರೆಯುವಾಗ ದನಿ ತುಸು ಏರುತ್ತದೆ, ಹೆಸರಿನ ಬಳಿ ತುಸು ತಡೆಯುತ್ತದೆ. ಆ ತಡೆಯನ್ನು ಕಾಗದದ ಮೇಲೆ ತೋರಿಸುವುದೇ ಅಲ್ಪವಿರಾಮ.

ಹಾಗಾದರೆ ನಮ್ಮ ಅಜ್ಜಂದಿರ ಪತ್ರಗಳಲ್ಲಿ ಇದರ ಹಂಗು ಅಷ್ಟಾಗಿ ಏಕಿರಲಿಲ್ಲ? ಕನ್ನಡದಲ್ಲಿ ಕರೆಯುವುದಕ್ಕೆಂದೇ ಸಂಬೋಧನೆಯ ರೂಪವಿದೆ. ಅಣ್ಣ ಎಂಬುದು ಅಣ್ಣಾ ಆಗುತ್ತದೆ, ಗೆಳತಿ ಎಂಬುದು ಗೆಳತೀ ಆಗುತ್ತದೆ, ರಾಯರು ರಾಯರೇ ಆಗುತ್ತಾರೆ. “ನಮಸ್ಕಾರ ರಾಯರೇ” ಎಂದರೆ ಕರೆದದ್ದು ಯಾರನ್ನೆಂದು ಹೆಸರಿನ ಬಾಲವೇ ಹೇಳುತ್ತದೆ. “ಮೋಹನನಿಗೆ ನಮಸ್ಕಾರ” ಎಂದರೂ ಅಷ್ಟೆ, ಆ ಕೆಲಸವನ್ನು ‘ಗೆ’ ಪ್ರತ್ಯಯ ಮಾಡುತ್ತದೆ. ತೊಡಕು ಶುರುವಾಗುವುದು ಮೋಹನನನ್ನು ಮೋಹನ್ ಎಂದು, ಪ್ರಕಾಶನನ್ನು ಪ್ರಕಾಶ್ ಎಂದು ಮೊಟಕು ಮಾಡಿದಾಗ. ಎಳೆಯುವುದಕ್ಕೆ ಕೊನೆಯಲ್ಲಿ ಸ್ವರವೇ ಉಳಿಯುವುದಿಲ್ಲ. ಪ್ರತ್ಯಯ ಬಿಟ್ಟುಹೋದ ಕೆಲಸ ಅಲ್ಪವಿರಾಮದ ಹೆಗಲಿಗೆ ಬೀಳುತ್ತದೆ.

ಮೇಲಿನ ಸಾಲಿನಲ್ಲಿ “ನಮಸ್ಕಾರ ಮೋಹನ್” ಎಂದಷ್ಟೇ ಬರೆದು, ವಿಷಯವನ್ನು ಕೆಳಗಿನ ಸಾಲಿನಿಂದ ಆರಂಭಿಸಿದರೆ ಚಿಹ್ನೆ ಇಲ್ಲದಿದ್ದರೂ ಅನರ್ಥವಿಲ್ಲ. ಇದಕ್ಕೆ ಅಂಕ ಕಳೆಯುವುದು ಕಟುವಾದೀತು. “ನಮಸ್ಕಾರ ಸಾರ್” ಎಂಬುದಕ್ಕಂತೂ ಯಾರೂ ತಡವರಿಸುವುದಿಲ್ಲ. ಇಂಗ್ಲಿಷ್ ಪತ್ರದಲ್ಲಿ ಮಾತ್ರ ವಿದ್ಯಾರ್ಥಿಗಳು ಒಂದು ವ್ಯತ್ಯಾಸ ಗಮನಿಸಬೇಕು. ‘ಗುಡ್ ಮಾರ್ನಿಂಗ್’ ಆದ ಮೇಲೆ, ಹೆಸರಿಗೆ ಮೊದಲು ಅಲ್ಪವಿರಾಮ ಹಾಕುವುದು ವಾಡಿಕೆ. ‘ಡಿಯರ್’ ಆದ ಮೇಲೆ ಹಾಕುವಂತಿಲ್ಲ. ಅದು ನಮ್ಮ ‘ಪ್ರಿಯ’ದಂತೆ ಹೆಸರಿಗೇ ಅಂಟಿಕೊಂಡ ವಿಶೇಷಣ. ಅಲ್ಲಿ ಚಿಹ್ನೆ ಬರುವುದು ಹೆಸರಾದ ಮೇಲೆ.

ನಿಜವಾದ ಫಜೀತಿ ಇರುವುದು ಪತ್ರದ ಕೊನೆಯಲ್ಲಿ. “ಧನ್ಯವಾದ, ಪ್ರಕಾಶ್” ಎಂದು ಒಂದೇ ಸಾಲಿನಲ್ಲಿದ್ದರೆ ಪ್ರಕಾಶ್ ಪತ್ರ ಓದುವವರು. ಅದೇ ಅಲ್ಪವಿರಾಮ ಇಟ್ಟು, ಹೆಸರನ್ನು ಕೆಳಗಿನ ಸಾಲಿಗೆ ಇಳಿಸಿದರೆ ಪ್ರಕಾಶ್ ಪತ್ರ ಬರೆದವರು! ಚಿಹ್ನೆ ಒಂದೇ, ಅರ್ಥ ಬದಲಾಯಿಸುವುದು ಸಾಲು. ಮೊಬೈಲ್ ಸಂದೇಶದಲ್ಲಿ ಎಲ್ಲವನ್ನೂ ಒಂದೇ ಸಾಲಿಗೆ ತುರುಕುವವರಿಗೆ ಈ ಆಧಾರವೂ ತಪ್ಪುತ್ತದೆ. ಆಗ ಸಹಿಯ ಮುಂದೆ ‘ಇಂತಿ’ ಎಂದು ಸೇರಿಸುವುದು ಒಳ್ಳೆಯದು. “ಧನ್ಯವಾದ, ಮೋಹನ್. ಇಂತಿ, ಪ್ರಕಾಶ್” ಎಂದಾಗ ಸಂಶಯ ಉಳಿಯದು.

ಹೆಸರಿನ ಮುಂದೆ ‘ಅವರೇ’ ಹಚ್ಚುವುದು ಇನ್ನೊಂದು ದಾರಿ. ಹಿರಿಯರಿಗೆ ಬರೆಯುವಾಗ ಮರ್ಯಾದೆಯೂ ಉಳಿಯುತ್ತದೆ. ಆದರೆ ಅದನ್ನೇ ನಂಬಿ ಅಲ್ಪವಿರಾಮವನ್ನು ಕೈಬಿಡುವಂತಿಲ್ಲ. “ಮೋಹನ್ ಅವರೇ, ಬೀಗದ ಕೈ ತರುತ್ತಾರೆ” ಎಂದರೆ ಬೇರೆ ಯಾರೋ ತರುತ್ತಾರೆಂದು ಮೋಹನ್‌ಗೆ ತಿಳಿಸಿದಂತಾಯಿತು. “ಮೋಹನ್ ಅವರೇ ಬೀಗದ ಕೈ ತರುತ್ತಾರೆ” ಎಂದರೆ ತರುವವರು ಖುದ್ದು ಮೋಹನ್.