ಫ್ಲಾಸ್ಕಿನಲ್ಲಿ ಕಾಣದ ಗಾಳಿಯ ಲೆಕ್ಕ

ಲೇಬಲ್ ಕಿತ್ತುಹೋದ ಒಂದು ಬಾಟಲಿ ಸಿಕ್ಕಿದೆ ಎನ್ನಿ. ಒಳಗಿರುವ ದ್ರವಕ್ಕೆ ಬಣ್ಣವಿಲ್ಲ, ಮುಚ್ಚಳ ತೆಗೆದಿಟ್ಟರೆ ಬೇಗ ಆರಿಹೋಗುತ್ತದೆ. ಅದು ಯಾವ ದ್ರವ ಎಂದು ಪತ್ತೆಹಚ್ಚಲು ಮೊದಲು ಬೇಕಾಗುವ ಸುಳಿವು ಅದರ ಮೋಲಾರ್ ರಾಶಿ, ಅಂದರೆ ಒಂದು ಮೋಲ್ ದ್ರವ ಎಷ್ಟು ಗ್ರಾಂ ತೂಗುತ್ತದೆ ಎಂಬ ಸಂಖ್ಯೆ. ಇದನ್ನು ಕಂಡುಹಿಡಿಯಲು ದುಬಾರಿ ಯಂತ್ರವೇನೂ ಬೇಕಿಲ್ಲ. ಒಂದು ಕೋನಿಕಲ್ ಫ್ಲಾಸ್ಕ್, ಬಿಸಿನೀರು, ಥರ್ಮಾಮೀಟರ್, ಬ್ಯಾರೋಮೀಟರ್ ಮತ್ತು ಮಿಲಿಗ್ರಾಂ ತೋರಿಸುವ ತಕ್ಕಡಿ ಇದ್ದರೆ ಸಾಕು.

ಇದರ ಹಿಂದಿರುವ ತತ್ವ ಸರಳ. ದ್ರವವಾಗಿದ್ದಾಗ ಒಂದೊಂದು ಪದಾರ್ಥದ ಅಣುಗಳೂ ಒಂದೊಂದು ರೀತಿಯಲ್ಲಿ ಒತ್ತೊತ್ತಾಗಿ ಕೂತಿರುತ್ತವೆ, ಅಲ್ಲಿ ಎಣಿಕೆ ಸಾಧ್ಯವಿಲ್ಲ. ಅದನ್ನೇ ಆವಿ ಮಾಡಿದರೆ ಅಣುಗಳು ಒಂದರಿಂದೊಂದು ದೂರವಾಗುತ್ತವೆ. ಆಗ ಒಂದು ಪಾತ್ರೆಯಲ್ಲಿ ಎಷ್ಟು ಅಣುಗಳಿವೆ ಎನ್ನುವುದು ಪದಾರ್ಥ ಯಾವುದು ಎಂಬುದನ್ನು ಹೆಚ್ಚುಕಡಿಮೆ ಅವಲಂಬಿಸುವುದೇ ಇಲ್ಲ. ಪಾತ್ರೆಯ ಗಾತ್ರ, ಒತ್ತಡ, ತಾಪ ಈ ಮೂರೇ ಅದನ್ನು ತೀರ್ಮಾನಿಸುತ್ತವೆ. PV = nRT ಎಂಬ ಆದರ್ಶ ಅನಿಲ ಸಮೀಕರಣ ಹೇಳುವುದು ಇದನ್ನೇ. ಮೂಟೆಯಲ್ಲಿ ಎಷ್ಟು ತೆಂಗಿನಕಾಯಿ ಇವೆ ಎಂದು ಬಿಚ್ಚದೆಯೇ ಗೊತ್ತಿದ್ದರೆ, ಮೂಟೆ ತೂಗಿ ಒಂದು ಕಾಯಿಯ ತೂಕ ಹೇಳಬಹುದಲ್ಲ, ಹಾಗೆ. ಆವಿಯ ತೂಕ m ಗ್ರಾಂ ಆಗಿದ್ದರೆ ಮೋಲಾರ್ ರಾಶಿ M = mRT/(PV).

ಈ ದಾರಿಯನ್ನು 1826ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಜಾನ್ ಬಾಪ್ಟಿಸ್ಟ್ ದ್ಯೂಮಾ. ಈ ಸಮೀಕರಣ ಈಗಿನ ರೂಪದಲ್ಲಿ ಅವನ ಕಾಲದಲ್ಲಿ ಇರಲಿಲ್ಲ. ಅವನು ಅಳೆದದ್ದು ಆವಿಯ ಸಾಂದ್ರತೆಯನ್ನು. ಇಂದಿಗೂ ಕಾಲೇಜು ಪ್ರಯೋಗಾಲಯಗಳಲ್ಲಿ ಇದನ್ನು ದ್ಯೂಮಾ ವಿಧಾನ ಎಂದೇ ಕರೆಯುತ್ತಾರೆ.

ಪ್ರಯೋಗ ನಡೆಯುವುದು ಹೀಗೆ. ಒಣಗಿದ ಫ್ಲಾಸ್ಕಿನ ಬಾಯಿಗೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, ತಂತಿ ಬಿಗಿದು, ಸೂಜಿಯಿಂದ ಒಂದೇ ಒಂದು ಸಣ್ಣ ತೂತು ಮಾಡಿ ತೂಗುತ್ತಾರೆ. ಆಮೇಲೆ ಹಾಳೆ ಬಿಚ್ಚಿ ಮೂರು ಮಿಲಿಲೀಟರಿನಷ್ಟು ದ್ರವ ಹಾಕಿ, ಮತ್ತೆ ಮುಚ್ಚಿ, ಕುದಿಯುವ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸುತ್ತಾರೆ. ಇಂಥ ದ್ರವಗಳ ಆವಿಗೆ ಬೆಂಕಿ ತಗಲುವುದು ಬಹಳ ಸುಲಭ. ಆದ್ದರಿಂದ ನೀರು ಕಾಯಿಸಲು ಬರ್ನರ್ ಬದಲು ವಿದ್ಯುತ್ ಒಲೆ ಬಳಸಬೇಕು, ಕಿಟಕಿ ತೆರೆದಿರಬೇಕು. ದ್ರವ ಕುದಿದು ಆವಿಯಾಗುತ್ತಾ ಒಳಗಿದ್ದ ಗಾಳಿಯನ್ನು ತೂತಿನಿಂದ ಹೊರದಬ್ಬುತ್ತದೆ. ಹೆಚ್ಚಾದ ಆವಿಯೂ ಅದೇ ದಾರಿ ಹಿಡಿಯುತ್ತದೆ. ಕೊನೆಯ ಹನಿ ಮಾಯವಾದ ಕ್ಷಣದಲ್ಲಿ ಫ್ಲಾಸ್ಕಿನ ತುಂಬ ಇರುವುದು ಬರೀ ಆವಿ. ಅದರ ಒತ್ತಡ ಹೊರಗಿನ ಗಾಳಿಯದೇ, ತಾಪ ಬಿಸಿನೀರಿನದೇ. ಈಗ ಫ್ಲಾಸ್ಕನ್ನು ಎತ್ತಿ ತಣಿಸಿದರೆ ಆವಿ ಮತ್ತೆ ಹನಿಯಾಗಿ ತಳ ಸೇರುತ್ತದೆ. ಹೊರಮೈ ಒರೆಸಿ ತೂಗಿದರೆ ತೂಕ ಎಷ್ಟು ಹೆಚ್ಚಿದೆ ಎಂದು ಗೊತ್ತಾಗುತ್ತದೆ. ಕೊನೆಗೆ ಫ್ಲಾಸ್ಕಿನ ಅಂಚಿನವರೆಗೆ ನೀರು ತುಂಬಿ ಅಳೆದರೆ ಗಾತ್ರ ಸಿಗುತ್ತದೆ. ಫ್ಲಾಸ್ಕಿನ ಮೇಲೆ 250 ಎಂದು ಅಚ್ಚಾಗಿದ್ದರೂ ಅಂಚಿನವರೆಗೆ ಹಿಡಿಯುವುದು ಅದಕ್ಕಿಂತ ಹೆಚ್ಚು.

ಇದನ್ನು ಬೆಂಗಳೂರಿನಲ್ಲಿ ಮಾಡಿದರೆ ಒಂದು ಎಚ್ಚರ ಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್ ಇರುವುದಿಲ್ಲ, 680ರ ಆಸುಪಾಸಿನಲ್ಲಿ ಇರುತ್ತದೆ. ನೀರು ಕೂಡ 100 ಡಿಗ್ರಿಗೆ ಕಾಯದೆ 97 ಡಿಗ್ರಿಗೇ ಕುದಿಯುತ್ತದೆ. ಮೊಬೈಲಿನ ಹವಾಮಾನ ಆ್ಯಪ್ ನೋಡಿ ಒತ್ತಡ ಬರೆದುಕೊಳ್ಳುವವರಿದ್ದಾರೆ. ಆ್ಯಪ್ ಸಾಮಾನ್ಯವಾಗಿ ತೋರಿಸುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ, ಕೋಣೆಯಲ್ಲಿ ನಿಜವಾಗಿ ಇರುವುದಲ್ಲ. ಮಂಗಳೂರಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ಬೆಂಗಳೂರಿನಲ್ಲಿ ಮಾತ್ರ ಉತ್ತರ ನೂರಕ್ಕೆ ಹತ್ತರಷ್ಟು ಕಡಿಮೆ ಬರುತ್ತದೆ. ಭೌತವಿಜ್ಞಾನ ಲ್ಯಾಬಿನ ಗೋಡೆಯ ಮೇಲಿರುವ ಫೋರ್ಟಿನ್ ಬ್ಯಾರೋಮೀಟರ್ ನೋಡುವುದೇ ಸರಿ. ಕುದಿಯುವ ನೀರಿನಲ್ಲಿ ಥರ್ಮಾಮೀಟರ್ 97 ತೋರಿಸಿದರೆ ಆ ಒತ್ತಡ ಸರಿಯಿದೆ ಎಂಬುದಕ್ಕೆ ಅದೇ ಸಾಕ್ಷಿ.

ಈಗ ಉದಾಹರಣೆಗೆ ಒಂದು ಲೆಕ್ಕ ಮಾಡೋಣ. ಒತ್ತಡ 683 ಮಿಲಿಮೀಟರ್, ಅಂದರೆ 0.899 ಅಟ್ಮಾಸ್ಫಿಯರ್. ನೀರಿನ ತಾಪ 97 ಡಿಗ್ರಿ, ಅಂದರೆ 370 ಕೆಲ್ವಿನ್. ಫ್ಲಾಸ್ಕಿನ ಗಾತ್ರ 0.268 ಲೀಟರ್. ಹೆಚ್ಚಿದ ತೂಕ 0.379 ಗ್ರಾಂ. R ಬೆಲೆ 0.0821.

M = (0.379 × 0.0821 × 370) / (0.899 × 0.268)

ಉತ್ತರ ಸುಮಾರು 48. ಎಥನಾಲಿನ, ಅಂದರೆ ಸಾಮಾನ್ಯ ಆಲ್ಕೋಹಾಲಿನ ಮೋಲಾರ್ ರಾಶಿ 46. ಇಂಥ ಪ್ರಯೋಗದಲ್ಲಿ ಎರಡರ ವ್ಯತ್ಯಾಸವನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಎಥನಾಲ್ ಎಂದು ಬರೆದು ರೆಕಾರ್ಡ್ ಮುಚ್ಚಿಬಿಡಬಹುದು. ಆದರೆ ಬಾಟಲಿಯಲ್ಲಿ ಇದ್ದದ್ದು ಅಸಿಟೋನ್. ಅದರ ಮೋಲಾರ್ ರಾಶಿ 58. ಹತ್ತು ಎಲ್ಲಿ ಕಾಣೆಯಾಯಿತು?

ಅದು ಕಾಣೆಯಾದದ್ದು ತಕ್ಕಡಿಯ ಮೇಲೆ. ಫ್ಲಾಸ್ಕನ್ನು ಮೊದಲ ಸಲ ತೂಗಿದಾಗ ನಾವು ಅದನ್ನು ಖಾಲಿ ಎಂದುಕೊಂಡೆವು, ಆದರೆ ಅದರ ತುಂಬ ಗಾಳಿಯಿತ್ತು. ಬೆಂಗಳೂರಿನ ಒತ್ತಡದಲ್ಲಿ, 25 ಡಿಗ್ರಿಯಲ್ಲಿ ಒಂದು ಲೀಟರ್ ಗಾಳಿ 1.06 ಗ್ರಾಂ ತೂಗುತ್ತದೆ. ನಮ್ಮ ಫ್ಲಾಸ್ಕಿನಲ್ಲಿ ಹಾಗಾದರೆ 0.284 ಗ್ರಾಂ ಗಾಳಿ. ನಾವು ಅಳೆಯಹೊರಟ ಆವಿಯ ತೂಕವೇ ಅರ್ಧ ಗ್ರಾಂ ಇಲ್ಲದಿರುವಾಗ ಇದು ಸಣ್ಣ ಸಂಖ್ಯೆಯಲ್ಲ.

ಎರಡನೇ ಸಲ ತೂಗುವಾಗಲೂ ಅಷ್ಟೇ ಗಾಳಿ ಇದ್ದಿದ್ದರೆ ಕಳೆಯುವ ಲೆಕ್ಕದಲ್ಲಿ ಅದು ಹೊಡೆದುಹೋಗುತ್ತಿತ್ತು. ಆದರೆ ಅಷ್ಟು ಇರುವುದಿಲ್ಲ. ಫ್ಲಾಸ್ಕ್ ತಣ್ಣಗಾಗುವಾಗ ಹೊರಗಿನ ಗಾಳಿ ತೂತಿನಿಂದ ಒಳಬರುತ್ತದೆ ನಿಜ, ಆದರೆ ಅಸಿಟೋನ್ ಪೂರ್ತಿಯಾಗಿ ಹನಿಯಾಗುವುದಿಲ್ಲ. ಕೋಣೆಯ ತಾಪದಲ್ಲೂ ಅದರ ಒಂದಷ್ಟು ಆವಿ ಉಳಿದುಕೊಂಡು 230 ಮಿಲಿಮೀಟರಿನಷ್ಟು ಒತ್ತಡ ಹೇರುತ್ತಿರುತ್ತದೆ. ಒಟ್ಟು 683ರಲ್ಲಿ ಇದು ಮೂರನೇ ಒಂದು ಪಾಲು. ಅಷ್ಟು ಪಾಲಿನ ಗಾಳಿಗೆ ಒಳಗೆ ಜಾಗವೇ ಇಲ್ಲ. ಮೊದಲಿದ್ದ 0.284 ಗ್ರಾಂ ಗಾಳಿಯಲ್ಲಿ 0.096 ಗ್ರಾಂ ವಾಪಸು ಬಂದಿಲ್ಲ, ಎರಡನೇ ತೂಕ ಅಷ್ಟು ಕಡಿಮೆ ಬಂದಿದೆ.

ಅದನ್ನು ಕೂಡಿಸಿದರೆ ಆವಿಯ ನಿಜವಾದ ತೂಕ 0.475 ಗ್ರಾಂ. ಮೋಲಾರ್ ರಾಶಿ ಈಗ ಸುಮಾರು 60. ಇನ್ನೂ 58 ಬಂದಿಲ್ಲ, ಈ ಸಲ ತಪ್ಪು ಮೇಲಕ್ಕೆ ಹೋಗಿದೆ. ಇದಕ್ಕೆ ಕಾರಣ ಸಮೀಕರಣದಲ್ಲೇ ಇದೆ. ಅಣುಗಳು ಒಂದನ್ನೊಂದು ಸೆಳೆಯುವುದೇ ಇಲ್ಲ ಎಂದು ಆದರ್ಶ ಅನಿಲ ನಿಯಮ ಭಾವಿಸಿಕೊಳ್ಳುತ್ತದೆ. ಅಸಿಟೋನ್ ಅಣುಗಳು ಸೆಳೆಯುತ್ತವೆ. ಹಾಗಾಗಿ ಅದೇ ಒತ್ತಡದಲ್ಲಿ, ಅದೇ ಜಾಗದಲ್ಲಿ ಲೆಕ್ಕ ಹೇಳುವುದಕ್ಕಿಂತ ನೂರಕ್ಕೆ ಎರಡು ಮೂರರಷ್ಟು ಹೆಚ್ಚು ಅಣುಗಳು ಹಿಡಿಸುತ್ತವೆ. ಕುದಿಬಿಂದುವಿಗೆ ಹತ್ತಿರ ಹೋದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತದೆ.

60 ಎಂದಾಗ ಇನ್ನೊಬ್ಬ ಅಭ್ಯರ್ಥಿ ಎದುರಾಗುತ್ತಾನೆ. ಸ್ಯಾನಿಟೈಜರಿನಲ್ಲಿ ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲಿನ ಮೋಲಾರ್ ರಾಶಿ ಸರಿಯಾಗಿ 60. ಇಲ್ಲಿ ಗಾಳಿಯ ತಿದ್ದುಪಡಿಯೇ ಪತ್ತೇದಾರಿಕೆಗೆ ನೆರವಾಗುತ್ತದೆ. ಕಾಣೆಯಾದ ಗಾಳಿ ಎಷ್ಟೆಂದು ಹೇಳಲು ಆ ದ್ರವದ ಆವಿಯ ಒತ್ತಡ ಗೊತ್ತಿರಬೇಕು. ಬಾಟಲಿಯಲ್ಲಿ ಇರುವುದು ಐಸೋಪ್ರೊಪೈಲ್ ಆಲ್ಕೋಹಾಲ್ ಎಂದೇ ಇಟ್ಟುಕೊಂಡರೆ, 25 ಡಿಗ್ರಿಯಲ್ಲಿ ಅದರ ಆವಿಯ ಒತ್ತಡ 45 ಮಿಲಿಮೀಟರ್ ಮಾತ್ರ. ಆಗ ಕೂಡಿಸಬೇಕಾದದ್ದು 0.019 ಗ್ರಾಂ, ಉತ್ತರ 50. ಅಂದರೆ 60ರ ದ್ರವ ಎಂದು ಭಾವಿಸಿ ಹೊರಟರೆ ಲೆಕ್ಕ 60ಕ್ಕೆ ಬರುವುದಿಲ್ಲ. ಎಥನಾಲ್ ಎಂದುಕೊಂಡರೆ ಉತ್ತರ 51, ಅದು 46ರಿಂದ ಇನ್ನಷ್ಟು ದೂರ. ಅಸಿಟೋನ್ ಎಂದುಕೊಂಡಾಗ ಮಾತ್ರ ಉತ್ತರ ಅಸಿಟೋನಿನ ಹತ್ತಿರ ನಿಲ್ಲುತ್ತದೆ.

ಆವಿಯ ಒತ್ತಡ ಗೊತ್ತೇ ಇಲ್ಲದಾಗ ದ್ಯೂಮಾನ ಮೂಲ ದಾರಿಯೇ ಮೇಲು. ಅವನು ಗಾಜಿನ ಬುರುಡೆಯ ಮೂತಿಯನ್ನು ಕಾಯಿಸಿ ಕೊಳವೆಯಂತೆ ಎಳೆದಿಡುತ್ತಿದ್ದ. ದ್ರವ ಪೂರ್ತಿ ಆವಿಯಾದ ಕೂಡಲೇ, ಬುರುಡೆ ಬಿಸಿಯಲ್ಲೇ ಇರುವಾಗ, ಆ ತುದಿಯನ್ನು ಜ್ವಾಲೆಯಿಂದ ಕರಗಿಸಿ ಮುಚ್ಚಿಬಿಡುತ್ತಿದ್ದ. ತಣ್ಣಗಾದರೂ ಗಾಳಿ ಒಳಗೆ ಬರುವಂತಿಲ್ಲ. ಆದ್ದರಿಂದ ಕಳೆದುಹೋದ ಗಾಳಿ ಎಷ್ಟು ಎಂಬ ಸಂಶಯವೂ ಇಲ್ಲ, ಬುರುಡೆ ಹಿಡಿಯುವಷ್ಟೂ ಗಾಳಿಯ ತೂಕವನ್ನು ಕೂಡಿಸಿದರೆ ಆಯಿತು. ಆಮೇಲೆ ತುದಿಯನ್ನು ನೀರಿನಲ್ಲಿ ಮುಳುಗಿಸಿ ಮುರಿದರೆ ನೀರು ಒಳಗೆ ನುಗ್ಗಿ ಬುರುಡೆ ತುಂಬುತ್ತದೆ, ಗಾತ್ರವೂ ಸಿಗುತ್ತದೆ. ತುಂಬಿದ ಮೇಲೂ ಒಂದು ಗುಳ್ಳೆ ಉಳಿದರೆ ಆವಿ ಎಲ್ಲ ಗಾಳಿಯನ್ನೂ ಹೊರದಬ್ಬಿರಲಿಲ್ಲ ಎಂದು ತಿಳಿಯುತ್ತದೆ.

ಹಾಳೆ ಮುಚ್ಚುವ ಇಂದಿನ ವಿಧಾನದಲ್ಲಿ ಅಂಥ ಸೂಚನೆ ಸಿಗುವುದಿಲ್ಲ, ತಪ್ಪನ್ನು ಉತ್ತರ ಯಾವ ಕಡೆ ವಾಲಿದೆ ಎಂಬುದರಿಂದ ಊಹಿಸಬೇಕು. ಫ್ಲಾಸ್ಕನ್ನು ಬೇಗ ಎತ್ತಿ ಆವಿಯಾಗದ ದ್ರವ ಉಳಿದಿದ್ದರೆ, ಅಥವಾ ಹಾಳೆಯ ಮಡಿಕೆಯೊಳಗೆ ಬಿಸಿನೀರಿನ ಹನಿ ಸಿಕ್ಕಿಕೊಂಡಿದ್ದರೆ, ಉತ್ತರ ಹೆಚ್ಚು ಬರುತ್ತದೆ. ಒಂದು ಹನಿ ನೀರು 0.05 ಗ್ರಾಂ ತೂಗುತ್ತದೆ, ಅದೊಂದೇ ಉತ್ತರವನ್ನು ನೂರಕ್ಕೆ ಹತ್ತರಷ್ಟು ಏರಿಸಬಲ್ಲದು. ದ್ರವ ತೀರ ಕಡಿಮೆ ಹಾಕಿ ಗಾಳಿ ಒಳಗೇ ಉಳಿದರೆ ಉತ್ತರ ಇಳಿಯುತ್ತದೆ. ಮೂರು ಮಿಲಿಲೀಟರ್ ಅಸಿಟೋನ್ ಈ ಫ್ಲಾಸ್ಕಿನ ಐದು ಪಟ್ಟು ಆವಿ ಕೊಡುವುದರಿಂದ ಆ ಭಯ ಕಡಿಮೆ. ಒಂದೇ ದ್ರವದ ಮೇಲೆ ಎರಡು ಮೂರು ಸಲ ಮಾಡಿದಾಗ ಉತ್ತರ ಹೇಗೆಂದರೆ ಹಾಗೆ ಹಾರಾಡಿದರೆ ಹನಿಯನ್ನೋ ಆತುರವನ್ನೋ ಸಂಶಯಿಸಬೇಕು. ಪ್ರತಿ ಸಲವೂ ಒಂದೇ ಕಡೆಗೆ ಒಂದೇ ಪ್ರಮಾಣದಲ್ಲಿ ವಾಲಿದ್ದರೆ ಒತ್ತಡವನ್ನು, ಗಾತ್ರವನ್ನು, ಇಲ್ಲವೇ ಗಾಳಿಯ ತಿದ್ದುಪಡಿಯನ್ನು ಮತ್ತೆ ನೋಡಬೇಕು.

ಇಷ್ಟಾದರೂ ಮೋಲಾರ್ ರಾಶಿ ದ್ರವದ ಹೆಸರು ಹೇಳುವುದಿಲ್ಲ. ಅಸಿಟೋನಿನ 58ನ್ನೇ ಹಂಚಿಕೊಂಡಿರುವ ಬೇರೆ ದ್ರವಗಳೂ ಇವೆ. ನೀರು ಕಾಯುತ್ತಿರುವಾಗ ದ್ರವ ಯಾವ ತಾಪದಲ್ಲಿ ಕುದಿಯತೊಡಗಿತು ಎಂದು ಬರೆದಿಟ್ಟುಕೊಂಡವರಿಗೆ ಇಲ್ಲೊಂದು ಅನುಕೂಲ. ಬೆಂಗಳೂರಿನ ಒತ್ತಡದಲ್ಲಿ ಅಸಿಟೋನ್ 53 ಡಿಗ್ರಿಯ ಸುತ್ತ ಕುದಿಯುತ್ತದೆ, ಐಸೋಪ್ರೊಪೈಲ್ ಆಲ್ಕೋಹಾಲ್ 80ರ ಸಮೀಪ. ಉಳಿದ ಅನುಮಾನಕ್ಕೆ 2,4-ಡಿಎನ್‌ಪಿ ದ್ರಾವಣದ ಕೆಲವು ಹನಿ ಸಾಕು. ಅಸಿಟೋನಿನಂಥ ಕೀಟೋನ್ ಇದ್ದರೆ ಹಳದಿ ಅಥವಾ ಕಿತ್ತಳೆ ಬಣ್ಣದ ಗಷ್ಟು ಕೂರುತ್ತದೆ, ಆಲ್ಕೋಹಾಲಾದರೆ ಏನೂ ಆಗುವುದಿಲ್ಲ. ಈ ಮೂರೂ ಸುಳಿವುಗಳು ಒಂದೇ ಕಡೆ ಬೊಟ್ಟು ಮಾಡಿದ ಮೇಲೆ ಬಾಟಲಿಗೆ ಹೊಸ ಲೇಬಲ್ ಅಂಟಿಸಬಹುದು.